ರಾಜಕೀಯ ಅಪಾಯ: ದರಕ್ಕೆ ಸೇರಿಸುವುದೋ, ಹಣದ ಹರಿವಿನಲ್ಲಿ ತೋರಿಸುವುದೋ?

ಪ್ರಶ್ನೆ: ನಮ್ಮದು ಪೀಣ್ಯದ ಮಧ್ಯಮ ಗಾತ್ರದ ಕಂಪನಿ. ಹೊರದೇಶದಲ್ಲಿ ಒಂದು ಘಟಕ ಹಾಕುವ ಯೋಚನೆ ನಡೆದಿದೆ. ಅಲ್ಲಿ ಸರ್ಕಾರ ಬದಲಾದರೆ ಏನು ಗತಿ ಎಂಬ ಭಯ ಎಲ್ಲರಿಗೂ ಇದೆ. "ಡಿಸ್ಕೌಂಟ್ ದರಕ್ಕೆ ಐದಾರು ಪರ್ಸೆಂಟ್ ಸೇರಿಸಿಬಿಡಿ, ಸಾಕು" ಅನ್ನುತ್ತಾರೆ ನಮ್ಮ ಹಿರಿಯರು. ನಾನು ಓದಿದ ಪಾಠದಲ್ಲಿ ನಗದು ಹರಿವನ್ನೇ ತಿದ್ದಬೇಕು ಅಂತಿತ್ತು. ಎರಡೂ ಕೊನೆಗೆ ಒಂದೇ ಅಲ್ಲವೇ ಸರ್?

ಉತ್ತರ: ಎರಡೂ ಒಂದೇ ಆಗುವ ಸಂದರ್ಭ ಒಂದಿದೆ. ಅದನ್ನು ಮೊದಲು ನೋಡಿಬಿಟ್ಟರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಒಂದು ಯೋಜನೆಗೆ ಇವತ್ತು 100 ಕೋಟಿ ರೂಪಾಯಿ ಹಾಕುತ್ತೀರಿ, ಮುಂದಿನ ಹತ್ತು ವರ್ಷ ವರ್ಷಕ್ಕೆ 25 ಕೋಟಿ ಬರುತ್ತದೆ ಅಂದುಕೊಳ್ಳಿ. ರಾಜಕೀಯದ ಗೊಡವೆಯೇ ಇಲ್ಲದಿದ್ದರೆ ಇಂಥ ವ್ಯವಹಾರದಲ್ಲಿ ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸಲು ನೀವು ಬಳಸುವ ಡಿಸ್ಕೌಂಟ್ ದರ 10 ಪರ್ಸೆಂಟ್. ಆಗ ಬರುವ ಹಣದ ಇಂದಿನ ಬೆಲೆ ಸುಮಾರು 153.6 ಕೋಟಿ. ಹಾಕಿದ 100 ಕಳೆದರೆ ನಿವ್ವಳ ಇಂದಿನ ಬೆಲೆ, ಅಂದರೆ ಎನ್‌ಪಿವಿ, 53.6 ಕೋಟಿ.

ಇನ್ನು ಆ ದೇಶದಲ್ಲಿ ಪ್ರತಿವರ್ಷವೂ ನಿಮ್ಮ ಘಟಕವನ್ನು ಸರ್ಕಾರ ಕಿತ್ತುಕೊಳ್ಳುವ ಸಂಭವ ನೂರಕ್ಕೆ 5 ಇದೆ ಎನ್ನೋಣ. ಕಿತ್ತುಕೊಂಡರೆ ಅಲ್ಲಿಗೆ ಎಲ್ಲ ಮುಗಿಯಿತು, ಒಂದು ಪೈಸೆಯೂ ವಾಪಸ್ ಬರುವುದಿಲ್ಲ. ಮೊದಲ ವರ್ಷದ 25 ಕೋಟಿ ಕೈಗೆ ಬರುವ ಸಂಭವ 0.95. ಎರಡನೇ ವರ್ಷದ್ದು ಬರಬೇಕಾದರೆ ಎರಡು ವರ್ಷವೂ ಘಟಕ ಉಳಿದಿರಬೇಕು, ಹಾಗಾಗಿ 0.95ರ ವರ್ಗ. ಹೀಗೆ ಹತ್ತನೇ ವರ್ಷದವರೆಗೂ ಗುಣಿಸುತ್ತ ಹೋಗಿ, 10 ಪರ್ಸೆಂಟ್ ದರದಲ್ಲೇ ಇಂದಿನ ಬೆಲೆ ಕಟ್ಟಿದರೆ ಎನ್‌ಪಿವಿ 21.8 ಕೋಟಿಗೆ ಇಳಿಯುತ್ತದೆ. ಇದು ನಗದು ಹರಿವನ್ನು ತಿದ್ದುವ ದಾರಿ.

ಅದೇ ಲೆಕ್ಕವನ್ನು ದರದ ಮೂಲಕವೂ ಮಾಡಬಹುದು. 1.10ನ್ನು 0.95ರಿಂದ ಭಾಗಿಸಿ, 1.158 ಬರುತ್ತದೆ. ಅಂದರೆ 25 ಕೋಟಿಯನ್ನು ಮುಟ್ಟದೆ ಹಾಗೇ ಇಟ್ಟುಕೊಂಡು 15.8 ಪರ್ಸೆಂಟ್ ದರ ಹಾಕಿದರೂ ಅದೇ 21.8 ಕೋಟಿ ಸಿಗುತ್ತದೆ. ನಿಮ್ಮ ಹಿರಿಯರು ಹೇಳುವ "ಐದಾರು ಪರ್ಸೆಂಟ್" ಗಾಳಿಯಲ್ಲಿ ಬಂದ ಮಾತಲ್ಲ. ಅದರ ಹಿಂದೆ ಹೀಗೊಂದು ಗಣಿತ ಇರಬಹುದು.

ಆದರೆ ಆ ಗಣಿತ ನಿಂತಿರುವುದು ಮೂರು ಊಹೆಗಳ ಮೇಲೆ. ಅಪಾಯ ಎಲ್ಲ ವರ್ಷವೂ ಒಂದೇ ಸಮ ಇರಬೇಕು. ಬಂದರೆ ಇಡೀ ಯೋಜನೆಯನ್ನೇ ನುಂಗಬೇಕು. ನುಂಗಿದ ಮೇಲೆ ಏನೂ ತಿರುಗಿ ಬರಬಾರದು. ದರಕ್ಕೆ ಆರು ಪರ್ಸೆಂಟ್ ಸೇರಿಸಿದವರು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಈ ಮೂರನ್ನೂ ಹೌದು ಎಂದು ಸಹಿ ಹಾಕಿದಂತೆ. ಹೊರದೇಶದ ಯೋಜನೆಗಳಲ್ಲಿ ರಾಜಕೀಯ ಅಪಾಯ ನಿಜವಾಗಿ ಹೀಗೆ ನಡೆದುಕೊಳ್ಳುವುದು ತೀರ ಅಪರೂಪ. ನನ್ನ ತಕರಾರು ಇರುವುದು ಇಲ್ಲೇ.

ನಡೆದದ್ದೊಂದನ್ನೇ ತೆಗೆದುಕೊಳ್ಳೋಣ. ಆಗ ಬೆಂಗಳೂರಿನಲ್ಲಿ ನೆಲೆಯೂರಿದ್ದ ಜಿಎಂಆರ್ ಸಮೂಹವು ಮಲೇಷ್ಯಾ ಏರ್‌ಪೋರ್ಟ್ಸ್ ಜೊತೆ ಸೇರಿ 2010ರ ಜೂನ್‌ನಲ್ಲಿ ಮಾಲ್ಡೀವ್ಸ್‌ನ ಮಾಲೆ ವಿಮಾನ ನಿಲ್ದಾಣವನ್ನು 25 ವರ್ಷ ನಡೆಸುವ ಒಪ್ಪಂದ ಮಾಡಿಕೊಂಡಿತು. ಆರಂಭದಲ್ಲೇ ಅಲ್ಲಿನ ಸರ್ಕಾರಕ್ಕೆ 7.8 ಕೋಟಿ ಡಾಲರ್ ಕಟ್ಟಿತು. ಒಟ್ಟು ಯೋಜನೆಯ ಗಾತ್ರ ಸುಮಾರು 51 ಕೋಟಿ ಡಾಲರ್. ಆದಾಯದ ಬಾಬ್ತುಗಳಲ್ಲಿ ಒಂದು, ವಿದೇಶಕ್ಕೆ ಹೊರಡುವ ಪ್ರತಿ ಪ್ರಯಾಣಿಕನಿಂದ ವಸೂಲು ಮಾಡಬೇಕಿದ್ದ 25 ಡಾಲರ್ ಅಭಿವೃದ್ಧಿ ಶುಲ್ಕ.

ಮುಂದೆ ಆದದ್ದನ್ನು ಲೆಕ್ಕಿಗನ ಕಣ್ಣಿನಿಂದ ನೋಡಿ. ಶುಲ್ಕದ ವಸೂಲಿ ಶುರುವಾಗುವ ಹೊತ್ತಿಗೆ, 2011ರ ಡಿಸೆಂಬರ್‌ನಲ್ಲಿ, ಅಲ್ಲಿನ ಸಿವಿಲ್ ಕೋರ್ಟು ಅದನ್ನು ತಡೆಯಿತು: ಅದು ತೆರಿಗೆಗೆ ಸಮಾನ, ಸಂಸತ್ತಿನ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ನಿಲ್ದಾಣವನ್ನು ಯಾರೂ ಕಿತ್ತುಕೊಂಡಿರಲಿಲ್ಲ, ವಿಮಾನಗಳು ಎಂದಿನಂತೆ ಇಳಿಯುತ್ತಿದ್ದವು, ಆದಾಯದ ಒಂದು ಸಾಲು ಮಾತ್ರ ಅಳಿಸಿಹೋಯಿತು. ಆ ನಷ್ಟವನ್ನು ಸರ್ಕಾರಕ್ಕೆ ಕೊಡಬೇಕಾದ ಹಣದಲ್ಲಿ ಮುರಿದುಕೊಳ್ಳುವ ಏರ್ಪಾಡು ಆಯಿತು. ಆದರೆ 2012ರ ಫೆಬ್ರುವರಿಯಲ್ಲಿ ಅಧ್ಯಕ್ಷ ಮೊಹಮದ್ ನಶೀದ್ ಅಧಿಕಾರದಿಂದ ಇಳಿದರು, ಹೊಸ ಸರ್ಕಾರ ಆ ಏರ್ಪಾಡನ್ನು ಒಪ್ಪಲಿಲ್ಲ. ಅದೇ ವರ್ಷ ನವೆಂಬರ್ 27ರಂದು ಒಪ್ಪಂದ ಮೊದಲಿನಿಂದಲೇ ಅಸಿಂಧು ಎಂದು ಸರ್ಕಾರ ಘೋಷಿಸಿತು. ಡಿಸೆಂಬರ್ ಮೊದಲ ವಾರ ಮುಗಿಯುವಷ್ಟರಲ್ಲಿ ನಿಲ್ದಾಣ ಕೈತಪ್ಪಿತು. ಒಪ್ಪಂದ ಸಿಂಧುವೇ ಆಗಿತ್ತು, ಅದನ್ನು ಮುರಿದದ್ದು ತಪ್ಪು ಎಂದು ಮಧ್ಯಸ್ಥಿಕೆ ನ್ಯಾಯಮಂಡಳಿ 2014ರ ಜೂನ್‌ನಲ್ಲಿ ಹೇಳಿತು. ಪರಿಹಾರದ ಮೊತ್ತ, ಸುಮಾರು 27 ಕೋಟಿ ಡಾಲರ್, ನಿಗದಿಯಾದದ್ದು 2016ರ ಅಕ್ಟೋಬರ್‌ನಲ್ಲಿ. ನಿಲ್ದಾಣ ಕೈಬಿಟ್ಟು ಹೆಚ್ಚುಕಡಿಮೆ ನಾಲ್ಕು ವರ್ಷ ಕಳೆದಿತ್ತು.

ಇದೊಂದೇ ಪ್ರಕರಣದಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಆದಾಯದ ಒಂದು ಸಾಲು ಅಳಿಸಿತು. ಆಮೇಲೆ ಸರ್ಕಾರ ಬದಲಾದ ಬೆನ್ನಿಗೆ ಇಡೀ ಯೋಜನೆ ಹೋಯಿತು. ಇನ್ನೂ ಆಮೇಲೆ, ಕೇಳಿದ್ದಕ್ಕಿಂತ ಬಹಳ ಕಡಿಮೆಯಾದರೂ, ದೊಡ್ಡ ಮೊತ್ತವೊಂದು ತಿರುಗಿ ಬಂತು. 25 ವರ್ಷದ ಒಪ್ಪಂದದಲ್ಲಿ ಹೊಡೆತವೆಲ್ಲ ಬಿದ್ದದ್ದು ಮೊದಲ ಮೂರು ವರ್ಷದೊಳಗೆ. ಈಗ ಹೇಳಿ, ಇದನ್ನೆಲ್ಲ 2010ರಲ್ಲಿ ಒಬ್ಬರು "ದರಕ್ಕೆ 6 ಪರ್ಸೆಂಟ್" ಎಂದು ಬರೆದಿದ್ದರೆ ಆ ಆರರಲ್ಲಿ ಯಾವುದು ಶುಲ್ಕದ್ದು, ಯಾವುದು ಸರ್ಕಾರ ಬದಲಾದದ್ದರದ್ದು, ಯಾವುದು ಪರಿಹಾರದ್ದು ಎಂದು ಬಿಡಿಸಿ ತೋರಿಸಲು ಆಗುತ್ತಿತ್ತೇ?

ಬಿಡಿಸುವುದರಿಂದ ಅಂಕಿಯಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ಎನ್ನುವುದಕ್ಕೆ ನಮ್ಮ 100 ಕೋಟಿಯ ಯೋಜನೆಗೇ ವಾಪಸ್ ಬರೋಣ. ವರ್ಷಕ್ಕೆ 5 ಪರ್ಸೆಂಟ್ ಅಪಾಯ ಅಂದರೆ ಹತ್ತು ವರ್ಷ ಘಟಕ ಉಳಿಯುವ ಸಂಭವ ಸುಮಾರು 60, ಹೋಗುವ ಸಂಭವ 40. ಈ 40ನ್ನು ಹಾಗೇ ಇಟ್ಟುಕೊಂಡು ಅದು ಬೀಳುವ ಕಾಲವನ್ನು ಮಾತ್ರ ಬದಲಾಯಿಸಿ. ಎರಡನೇ ವರ್ಷದ ಕೊನೆಗೆ ಒಂದು ಚುನಾವಣೆ ಇದೆ. ವಿರೋಧ ಪಕ್ಷ ಗೆದ್ದರೆ ಮೂರನೇ ವರ್ಷದಿಂದ ನಿಮಗೆ ಏನೂ ಬರುವುದಿಲ್ಲ, ಅದರ ಸಂಭವ 40. ಆ ಚುನಾವಣೆ ದಾಟಿದರೆ ಮುಂದೆ ತೊಂದರೆಯಿಲ್ಲ. ಈ ಚಿತ್ರದಲ್ಲಿ ಎನ್‌ಪಿವಿ 9.5 ಕೋಟಿ ಮಾತ್ರ. ಅದೇ 40 ಪರ್ಸೆಂಟ್ ಅಪಾಯ ಎಂಟನೇ ವರ್ಷಕ್ಕೆ ಬೀಳುವಂತಿದ್ದರೆ, ಅಷ್ಟರಲ್ಲಿ ನೀವು ಏಳು ವರ್ಷದ ಗಳಿಕೆ ಎಣಿಸಿಕೊಂಡಿರುತ್ತೀರಿ, ಎನ್‌ಪಿವಿ 40.9 ಕೋಟಿ. ದೇಶ ಅದೇ, ಒಟ್ಟು ಅಪಾಯ ಅಷ್ಟೇ, ಆದರೂ ಒಂದು ಚಿತ್ರ ಇನ್ನೊಂದರ ನಾಲ್ಕು ಪಟ್ಟು. ದರಕ್ಕೆ ಸೇರಿಸುವವರ ಬಳಿ ಎರಡಕ್ಕೂ ಸೇರಿ ಇರುವುದು ಒಂದೇ ಉತ್ತರ: 21.8.

ಇನ್ನು ಪರಿಹಾರ. ಮೂರನೇ ವರ್ಷದ ಹೊಡೆತದ ಚಿತ್ರದಲ್ಲೇ, ಮಾಲೆಯಲ್ಲಿ ಆದ ಹಾಗೆ ನಾಲ್ಕು ವರ್ಷ ತಡವಾಗಿ, ಏಳನೇ ವರ್ಷದಲ್ಲಿ 60 ಕೋಟಿ ಪರಿಹಾರ ಸಿಗುತ್ತದೆ ಎಂದು ಸೇರಿಸಿ. ಆ 60 ಕೋಟಿಯ ಇಂದಿನ ಬೆಲೆ 30.8 ಕೋಟಿ, ಅದರ ನೂರಕ್ಕೆ 40 ಪಾಲು 12.3. ಎನ್‌ಪಿವಿ 9.5ರಿಂದ 21.8ಕ್ಕೆ ಏರುತ್ತದೆ.

ದರ ಏರಿಸಿ ಪಡೆದ ಅಂಕಿಯೂ 21.8, ಇದೂ 21.8. ಇದು ಬರೀ ಕಾಕತಾಳೀಯ. ಆದರೂ ಈ ಉದಾಹರಣೆ ನನಗೆ ಪ್ರಿಯ, ಏಕೆಂದರೆ ಎರಡು ದಾರಿಗಳ ನಡುವಿನ ಅಂತರ ಅಂಕಿ ಸರಿಯಾಗಿದ್ದಾಗಲೂ ಉಳಿಯುತ್ತದೆ ಎಂದು ಅದು ತೋರಿಸುತ್ತದೆ. ದರದ ದಾರಿಯಲ್ಲಿ ಬಂದ 21.8ನ್ನು ನೀವು ಸುಮ್ಮನೆ ಒಪ್ಪಬೇಕು, ಇಲ್ಲವೇ ಬಿಡಬೇಕು. ಹರಿವಿನ ದಾರಿಯಲ್ಲಿ ಬಂದ 21.8ರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪರಿಹಾರದ ಮೇಲೆಯೇ ನಿಂತಿದೆ ಎಂಬುದು ಕಣ್ಣಿಗೆ ರಾಚುತ್ತದೆ. ಹಾಗಿದ್ದರೆ ಒಪ್ಪಂದದ ಮಾತುಕತೆಯಲ್ಲಿ ನಿಮ್ಮ ವಕೀಲರು ಜಗ್ಗಾಡಬೇಕಾದದ್ದು ಬೆಲೆಗಾಗಿ ಅಲ್ಲ. ವ್ಯಾಜ್ಯ ಎಲ್ಲಿ ನಡೆಯಬೇಕು, ಪರಿಹಾರವನ್ನು ಯಾವ ಸೂತ್ರದಿಂದ ಲೆಕ್ಕ ಹಾಕಬೇಕು, ಮುಂದೆ ಬರಬೇಕಿದ್ದ ಲಾಭವೂ ಅದರಲ್ಲಿ ಸೇರುತ್ತದೆಯೇ ಇಲ್ಲವೇ ಎಂಬ ಷರತ್ತುಗಳಿಗಾಗಿ.

ನಿಮ್ಮ ಹಿರಿಯರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ, ಅದು ನ್ಯಾಯವಾದದ್ದೇ: "ಈ 40 ಎಂಬ ಅಂಕಿ ಎಲ್ಲಿಂದ ತಂದೆ?" ಚುನಾವಣೆಯ ಸಂಭವವನ್ನು ನಾಣ್ಯ ಚಿಮ್ಮಿದಂತೆ ಯಾರೂ ಅಳೆಯಲಾರರು, ನಿಜ. ಆದರೆ 6 ಪರ್ಸೆಂಟ್ ಎಂಬುದೂ ಊಹೆಯೇ, ಅದರೊಳಗೆ ಸಂಭವ ಅಡಗಿ ಕುಳಿತಿದೆ ಅಷ್ಟೆ. ಅಡಗಿದ ಊಹೆಯನ್ನು ಪ್ರಶ್ನಿಸುವುದು ಕಷ್ಟ, ಎದುರಿಗಿಟ್ಟ ಊಹೆಯನ್ನು ಪ್ರಶ್ನಿಸಬಹುದು. ಇಂಥ ಸಭೆಗಳಲ್ಲಿ ನಾನು ಲೆಕ್ಕವನ್ನು ತಿರುಗಿಸಿ ಹಾಕುತ್ತೇನೆ. ಸಂಭವ ಎಷ್ಟು ಎಂದು ಕೇಳುವ ಬದಲು, ಎಷ್ಟಾದರೆ ಯೋಜನೆ ನಷ್ಟಕ್ಕೆ ಬೀಳುತ್ತದೆ ಎಂದು ಕೇಳುತ್ತೇನೆ. ನಮ್ಮ ಉದಾಹರಣೆಯಲ್ಲಿ ಪರಿಹಾರವೇ ಇಲ್ಲ ಅಂದುಕೊಂಡರೆ, ಮೂರನೇ ವರ್ಷದಲ್ಲಿ ಘಟಕ ಹೋಗುವ ಸಂಭವ 48.6 ಪರ್ಸೆಂಟ್ ದಾಟಿದಾಗ ಎನ್‌ಪಿವಿ ಸೊನ್ನೆಗಿಂತ ಕೆಳಗಿಳಿಯುತ್ತದೆ. 60 ಕೋಟಿ ಪರಿಹಾರ ಇದ್ದರೆ ಆ ಗಡಿ 67.5ಕ್ಕೆ ಸರಿಯುತ್ತದೆ. ಈಗ ಆಡಳಿತ ಮಂಡಳಿಯ ಮುಂದಿರುವುದು "ವಿರೋಧ ಪಕ್ಷ ಬಂದು ನಮ್ಮನ್ನು ಓಡಿಸುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?" ಎಂಬ ಪ್ರಶ್ನೆ. ಆ ದೇಶದಲ್ಲಿ ಹತ್ತು ವರ್ಷ ವ್ಯಾಪಾರ ಮಾಡಿದ ಮನುಷ್ಯ ಇದಕ್ಕೆ ಉತ್ತರ ಹೇಳಬಲ್ಲ. "ದರ ಎಷ್ಟು ಏರಿಸಲಿ?" ಎಂದರೆ ಅವನು ಏನು ಹೇಳಿಯಾನು?

ಎಲ್ಲ ರಾಜಕೀಯ ಅಪಾಯವೂ ಕಿತ್ತುಕೊಳ್ಳುವ ರೂಪದಲ್ಲಿ ಬರುವುದಿಲ್ಲ. ಒಎನ್‌ಜಿಸಿ ವಿದೇಶ್ ಕಂಪನಿಗೆ ವೆನಿಜುವೆಲಾದ ಸಾನ್ ಕ್ರಿಸ್ಟೊಬಾಲ್ ತೈಲ ಕ್ಷೇತ್ರದಲ್ಲಿ 40 ಪರ್ಸೆಂಟ್ ಪಾಲು ಇದೆ. ಅಲ್ಲಿ ಪಾಲು ಕೈಬಿಟ್ಟು ಹೋಗಲಿಲ್ಲ. ಆದರೆ ಬರಬೇಕಿದ್ದ ಡಿವಿಡೆಂಡ್ ವರ್ಷಗಟ್ಟಲೆ ಸಿಕ್ಕಿಕೊಂಡು 50 ಕೋಟಿ ಡಾಲರಿಗೂ ಹೆಚ್ಚಾಯಿತು. ಹಣ ಪುಸ್ತಕದಲ್ಲಿ ಇತ್ತು, ಕೈಗೆ ಬರುತ್ತಿರಲಿಲ್ಲ. ಇದನ್ನು ದರ ಏರಿಸಿ ತೋರಿಸಲು ಹೋದರೆ ಬಾರದ ಹಣಕ್ಕೂ ತಡವಾದ ಹಣಕ್ಕೂ ಭೇದವೇ ಉಳಿಯುವುದಿಲ್ಲ. ಹರಿವಿನಲ್ಲಾದರೆ ಸುಲಭ: ಐದನೇ ವರ್ಷದ 25 ಕೋಟಿಯನ್ನು ಅಲ್ಲಿಂದ ತೆಗೆದು ಒಂಬತ್ತನೇ ವರ್ಷಕ್ಕೆ ಇಡುತ್ತೀರಿ, ಆ ನಡುವೆ ಅಲ್ಲಿನ ಹಣದ ಬೆಲೆ ಕುಸಿದರೆ ಆ ಕುಸಿತವನ್ನೂ ಕಳೆಯುತ್ತೀರಿ. ಘಟಕ ಅಲ್ಲಿ ಎಷ್ಟು ಗಳಿಸಿತು ಎನ್ನುವುದಕ್ಕಿಂತ ಬೆಂಗಳೂರಿನ ಖಾತೆಗೆ ಯಾವ ವರ್ಷ ಎಷ್ಟು ಬಂತು ಎನ್ನುವ ಸಾಲನ್ನೇ ನೀವು ಲೆಕ್ಕಕ್ಕೆ ಹಿಡಿಯಬೇಕು.

ದರದ ದಾರಿಯಲ್ಲಿ ಇನ್ನೊಂದು ಕುಣಿಕೆ ಇದೆ, ಅನುಭವಿಗಳೂ ಸಿಕ್ಕಿಬೀಳುವಂಥದ್ದು. ಹೆಚ್ಚು ದರ ಬರುವ ಹಣವನ್ನು ಮಾತ್ರ ಕುಗ್ಗಿಸುವುದಿಲ್ಲ, ಮುಂದೆ ಕೊಡಬೇಕಾದ ಹಣವನ್ನೂ ಕುಗ್ಗಿಸುತ್ತದೆ. ಅಲ್ಲಿನ ಬ್ಯಾಂಕಿನಿಂದ ಪಡೆದ ಸಾಲಕ್ಕೆ ನಿಮ್ಮ ಮೂಲ ಕಂಪನಿ ಜಾಮೀನು ನಿಂತಿದೆ, ಹತ್ತನೇ ವರ್ಷಕ್ಕೆ 40 ಕೋಟಿ ತೀರಿಸಬೇಕು ಎನ್ನಿ. 10 ಪರ್ಸೆಂಟ್ ದರದಲ್ಲಿ ಅದರ ಇಂದಿನ ಭಾರ 15.4 ಕೋಟಿ. 15.8ರಲ್ಲಿ 9.2 ಕೋಟಿ. ದೇಶ ಅಪಾಯಕಾರಿಯಾದಷ್ಟೂ ಸಾಲ ಹಗುರಾಯಿತೆಂದು ಹಾಳೆ ಹೇಳುತ್ತಿದೆ. ಘಟಕ ಹೋದರೆ ಸಾಲವೂ ಅದರ ಜೊತೆಗೇ ಹೋಗುವಂತಿದ್ದರೆ ಇದು ಸರಿ. ಆದರೆ ಜಾಮೀನು ನಿಂತವರಿಗೆ ಘಟಕ ಹೋದ ಮೇಲೂ ಸಾಲ ಉಳಿಯುತ್ತದೆ. ಹಾಗಾಗಿ ಯಾವ ಹೊಣೆ ಘಟಕದ ಜೊತೆ ಸಾಯುತ್ತದೆ, ಯಾವುದು ನಿಮ್ಮ ಬೆನ್ನಟ್ಟಿ ಬರುತ್ತದೆ ಎಂದು ಸಾಲುಸಾಲಾಗಿ ನೋಡಲೇಬೇಕು, ಅದು ಹರಿವಿನ ಪಟ್ಟಿಯಲ್ಲಿ ಮಾತ್ರ ಸಾಧ್ಯ.

ಹಾಗೆಂದು ಹರಿವನ್ನು ತಿದ್ದುವವರು ತಪ್ಪೇ ಮಾಡುವುದಿಲ್ಲ ಎಂದಲ್ಲ. ನಾನು ಅತಿ ಹೆಚ್ಚು ಕಂಡ ತಪ್ಪು, ಒಂದೇ ಅಪಾಯವನ್ನು ಎರಡು ಕಡೆ ಕಳೆಯುವುದು. ಬಹಳ ವರ್ಷಗಳ ಹಿಂದೆ ಒಂದು ಕಂಪನಿಯ ಕಡತ ನನ್ನ ಬಳಿ ಬಂದಿತ್ತು. ಮಾರಾಟ ವಿಭಾಗದವರು "ಅಲ್ಲಿನ ಪರಿಸ್ಥಿತಿ ನೋಡಿ" ಅಂದಾಜು ಆದಾಯವನ್ನು ಐದನೇ ಒಂದು ಪಾಲು ಇಳಿಸಿದ್ದರು. ಆ ಹಾಳೆ ಹಣಕಾಸು ವಿಭಾಗಕ್ಕೆ ಬಂದಾಗ ಅವರೂ "ಅಲ್ಲಿನ ಪರಿಸ್ಥಿತಿ ನೋಡಿ" ದರ ಏರಿಸಿದ್ದರು. ಎರಡೂ ಕಡೆಯವರು ಎಚ್ಚರದಿಂದಲೇ ಕೆಲಸ ಮಾಡಿದ್ದರು, ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನಾನು ನೋಡುವ ಹೊತ್ತಿಗೆ ಯೋಜನೆ ತಿರಸ್ಕೃತವಾಗಿ ತಿಂಗಳುಗಳಾಗಿದ್ದವು. ಅದು ಈಗಲೂ ನನ್ನನ್ನು ಕೊರೆಯುತ್ತದೆ. ನಿಮ್ಮ ಕಡತದಲ್ಲಿ ಹೀಗಾಗಿದೆಯೇ ಎಂದು ತಿಳಿಯಲು, ಪ್ರತಿ ವರ್ಷದ ಆದಾಯದ ಅಂಕಿ ಬರೆದವರನ್ನು ಕರೆದು ಒಂದೇ ಮಾತು ಕೇಳಿ: "ಇದು ಎಲ್ಲ ಸರಿಹೋದರೆ ಬರುವ ಹಣವೋ, ಕೆಟ್ಟದ್ದೂ ಒಳ್ಳೆಯದೂ ಎಲ್ಲ ಸೇರಿಸಿದ ಸರಾಸರಿಯೋ?" ಮೊದಲನೆಯದಾದರೆ ಸಂಭವದಿಂದ ಗುಣಿಸುವ ಕೆಲಸ ಬಾಕಿಯಿದೆ. ಎರಡನೆಯದಾದರೆ ದರವನ್ನು ಮುಟ್ಟಬೇಡಿ.

ವಿಮೆ ಮಾಡಿಸಿದಾಗಲೂ ಇದೇ ತಪ್ಪು ನುಸುಳುತ್ತದೆ. ವಿಶ್ವಬ್ಯಾಂಕ್ ಸಮೂಹದ ಮಿಗಾ ಮತ್ತು ನಮ್ಮ ಕೇಂದ್ರ ಸರ್ಕಾರದ ಇಸಿಜಿಸಿ, ಹೊರದೇಶದಲ್ಲಿ ಹಾಕಿದ ಬಂಡವಾಳಕ್ಕೆ ಸ್ವಾಧೀನ, ಯುದ್ಧ, ಹಣ ಹೊರಕಳಿಸಲು ಅಡ್ಡಿ ಮುಂತಾದವುಗಳ ವಿರುದ್ಧ ವಿಮೆ ಕೊಡುತ್ತವೆ. ಕಂತು ಪ್ರತಿವರ್ಷದ ಖರ್ಚಾಗಿ ಹರಿವಿನ ಪಟ್ಟಿಯಲ್ಲಿ ಕೂರುತ್ತದೆ, ಕೆಟ್ಟದ್ದು ನಡೆದ ವರ್ಷದಲ್ಲಿ ವಿಮೆಯ ಹಣ ಆದಾಯವಾಗಿ ಬರುತ್ತದೆ. ವಿಮೆ ಮಾಡಿಸಿದ ಮೇಲೂ ಏರಿಸಿದ ದರವನ್ನೇ ಉಳಿಸಿಕೊಂಡರೆ ಕಂತನ್ನೂ ಕಟ್ಟಿ ಅಪಾಯವನ್ನೂ ಹೊತ್ತಂತೆ. ಇಳಿಸೋಣ ಅಂದರೆ ಎಷ್ಟು ಇಳಿಸಬೇಕು ಎಂದು ಹೇಳುವ ಸೂತ್ರ ಯಾರ ಬಳಿಯೂ ಇಲ್ಲ.

ಹಾಗಾದರೆ ದರಕ್ಕೆ ಏನೂ ಕೆಲಸವಿಲ್ಲವೇ? ಇದೆ, ಆದರೆ ಬೇರೆ ಕೆಲಸ. ಡಿಸ್ಕೌಂಟ್ ದರ ಅಳೆಯುವುದು, ಹೂಡಿಕೆದಾರ ತನ್ನ ಹಣವನ್ನು ಹಲವೆಡೆ ಹರಡಿದರೂ ತಪ್ಪಿಸಿಕೊಳ್ಳಲಾಗದ ಅಪಾಯವನ್ನು, ಅಂದರೆ ಒಟ್ಟು ಮಾರುಕಟ್ಟೆಯ ಜೊತೆ ಏರಿಳಿಯುವ ಭಾಗವನ್ನು. ಮಾಲೆಯಲ್ಲಿ ಸರ್ಕಾರ ಬದಲಾದದ್ದಕ್ಕೂ ಮುಂಬೈ ಷೇರುಪೇಟೆಯ ಏರಿಳಿತಕ್ಕೂ ನಂಟಿಲ್ಲ. ಹತ್ತು ದೇಶಗಳಲ್ಲಿ ಹಣ ಹಾಕಿದವನಿಗೆ ಒಂದರಲ್ಲಿ ಕೆಟ್ಟರೆ ಉಳಿದ ಒಂಬತ್ತು ನಡೆಯುತ್ತಿರುತ್ತವೆ. ಅಂಥ ಅಪಾಯ ಸರಾಸರಿ ಹರಿವನ್ನು ಕಡಿಮೆ ಮಾಡುತ್ತದೆ, ದರವನ್ನು ಏರಿಸುವುದಿಲ್ಲ. ಆದರೆ ತೈಲದ ಗಳಿಕೆಯೊಂದನ್ನೇ ನಂಬಿದ ದೇಶವನ್ನು ತೆಗೆದುಕೊಳ್ಳಿ. ಜಗತ್ತಿನ ಆರ್ಥಿಕತೆ ಕುಸಿದಾಗ ತೈಲದ ಬೆಲೆ ಬೀಳುತ್ತದೆ, ಸರ್ಕಾರದ ಬೊಕ್ಕಸ ಬರಿದಾಗುತ್ತದೆ, ಆಗಲೇ ಡಾಲರ್ ಹೊರಹೋಗದಂತೆ ತಡೆಯೊಡ್ಡುತ್ತಾರೆ. ನಿಮ್ಮ ಬೇರೆಲ್ಲ ಹೂಡಿಕೆ ಸೊರಗಿರುವ ಹೊತ್ತಿಗೇ ಇಲ್ಲಿನ ಹಣವೂ ಸಿಕ್ಕಿಕೊಳ್ಳುತ್ತದೆ. ಈ ಭಾಗಕ್ಕೆ ದರದಲ್ಲಿ ಜಾಗ ಕೊಡುವುದು ನ್ಯಾಯ.

ಆ ದೇಶದ ಸರ್ಕಾರಿ ಬಾಂಡಿಗೂ ಅಮೆರಿಕದ ಬಾಂಡಿಗೂ ಇರುವ ಬಡ್ಡಿಯ ವ್ಯತ್ಯಾಸವನ್ನು ತಂದು ನೇರ ದರಕ್ಕೆ ಕೂಡಿಸುವ ಪದ್ಧತಿ ಬಹಳ ಕಡೆ ಇದೆ. ನಿಮ್ಮ ಹಿರಿಯರ ಐದಾರು ಪರ್ಸೆಂಟ್ ಅಲ್ಲಿಂದಲೇ ಬಂದಿರಲೂಬಹುದು. ಆದರೆ ಆ ವ್ಯತ್ಯಾಸ ಹೇಳುವುದು ಸರ್ಕಾರ ತನ್ನ ಸಾಲ ತೀರಿಸದೆ ಇರುವ ಅಪಾಯವನ್ನು. ಸಾಲವನ್ನು ಚಾಚೂ ತಪ್ಪದೆ ತೀರಿಸುತ್ತಲೇ ವಿದೇಶಿ ಕಂಪನಿಯ ಪರವಾನಗಿ ರದ್ದು ಮಾಡುವ ಸರ್ಕಾರಗಳಿವೆ. ಸಾಲ ತೀರಿಸಲಾಗದೆ ಕೈಚೆಲ್ಲಿದರೂ ವಿದೇಶಿ ಕಾರ್ಖಾನೆಯ ತಂಟೆಗೆ ಹೋಗದ ಸರ್ಕಾರಗಳೂ ಇವೆ.

ಅದೇ ದೇಶದಲ್ಲೂ ಎಲ್ಲ ಯೋಜನೆಗೂ ಅಪಾಯ ಒಂದೇ ಅಲ್ಲ. ವಿಮಾನ ನಿಲ್ದಾಣ, ಗಣಿ, ವಿದ್ಯುತ್ ಸ್ಥಾವರಗಳಲ್ಲಿ ಹಣ ಒಮ್ಮೆ ನೆಲಕ್ಕೆ ಬಿದ್ದ ಮೇಲೆ ಹೂಡಿಕೆದಾರನ ಕೈ ಕೆಳಗಾಗುತ್ತದೆ, ಸರ್ಕಾರದ ಕೈ ಮೇಲಾಗುತ್ತದೆ. ಅರ್ಥಶಾಸ್ತ್ರಜ್ಞ ರೇಮಂಡ್ ವರ್ನನ್ ಇದನ್ನು ಹಳತಾಗುವ ಚೌಕಾಸಿ ಎಂಬ ಅರ್ಥದಲ್ಲಿ ವಿವರಿಸಿದ್ದರು. ನಿಮ್ಮ ಪೀಣ್ಯದ ಕಂಪನಿ ಅಲ್ಲಿ ಹಾಕುವುದು ಬಿಡಿಭಾಗ ಜೋಡಿಸುವ ಘಟಕವಾಗಿದ್ದು, ಮುಖ್ಯ ಭಾಗಗಳು ಬೆಂಗಳೂರಿನಿಂದಲೇ ಹೋಗುವಂತಿದ್ದರೆ, ಆ ಶೆಡ್ಡನ್ನು ಕಿತ್ತುಕೊಂಡು ಅವರು ಮಾಡುವುದೇನೂ ಇಲ್ಲ. ನಿಮಗೆ ಬರಬಹುದಾದ ತೊಂದರೆ ಆಮದು ಸುಂಕದ್ದು, ಹಣ ಕಳಿಸುವುದರದ್ದು. ಹಾಗಾಗಿ ಮೊದಲು ಆ ಎರಡನ್ನು ಹರಿವಿನ ಪಟ್ಟಿಯಲ್ಲಿ ಬೇರೆ ಬೇರೆ ಸಾಲಾಗಿ ಬರೆಯಿರಿ. ಯಾವ ವರ್ಷ, ಎಷ್ಟು, ಎಷ್ಟು ಕಾಲ ತಡ ಎಂದು ಪ್ರತಿಯೊಂದಕ್ಕೂ ಸೇರಿಸಿ, 10 ಪರ್ಸೆಂಟ್‌ನಲ್ಲೇ ಬೆಲೆ ಕಟ್ಟಿ. ಆ ಹಾಳೆಯನ್ನೂ 16 ಪರ್ಸೆಂಟಿನ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ಹಿರಿಯರಿಗೆ ತೋರಿಸಿ. ಎರಡರ ನಡುವಿನ ವ್ಯತ್ಯಾಸ ಯಾವ ವರ್ಷದಲ್ಲಿ ಹುಟ್ಟುತ್ತದೆ ಎಂದು ಅವರೇ ಬೆರಳಿಟ್ಟು ಕೇಳುತ್ತಾರೆ.